ಆಹಾರ ಸುರಕ್ಷತಾ ತಪಾಸಣೆಯ ಸುಧಾರಣಾ ನೋಟಿಸಿಗೆ ಉತ್ತರ

ಉಡುಪಿ
24 ಜುಲೈ 2025

ಇವರಿಂದ:
ಮಾಲೀಕ, ಸಸ್ಯಾಹಾರಿ ಹೋಟೆಲು
ಸರ್ವೀಸ್ ಬಸ್ ನಿಲ್ದಾಣದ ಸಮೀಪ, ಉಡುಪಿ

ಇವರಿಗೆ:
ಅಂಕಿತಾಧಿಕಾರಿಗಳು, ಆಹಾರ ಸುರಕ್ಷತೆ
ಉಡುಪಿ ಜಿಲ್ಲೆ

ವಿಷಯ: ತಪಾಸಣೆಯಲ್ಲಿ ಕಂಡುಬಂದ ಲೋಪಗಳನ್ನು ಸರಿಪಡಿಸಿರುವ ಬಗ್ಗೆ
ಉಲ್ಲೇಖ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 32ರಡಿ ತಾವು 11-07-2025ರಂದು ನೀಡಿದ ನೋಟಿಸು

ಮಾನ್ಯರೇ,

ಜುಲೈ 8ರ ಬೆಳಿಗ್ಗೆ ಆಹಾರ ಸುರಕ್ಷತಾಧಿಕಾರಿಗಳು ನಮ್ಮ ಹೋಟೆಲಿಗೆ ಬಂದಾಗ ನಾನೇ ಗಲ್ಲಾದಲ್ಲಿದ್ದೆ. ಅವರ ಜೊತೆ ಅಡುಗೆಮನೆಯನ್ನೆಲ್ಲ ಸುತ್ತಿದ್ದೇನೆ. ಹಾಗಾಗಿ ನೋಟಿಸಿನಲ್ಲಿರುವುದನ್ನು ನೋಡಿಲ್ಲ, ಗೊತ್ತಿಲ್ಲ ಎನ್ನುವ ಹಾಗಿಲ್ಲ. ಎಂಟು ಅಂಶಗಳಲ್ಲಿ ಆರನ್ನು ಸರಿಪಡಿಸಿದ್ದೇನೆ, ಒಂದಕ್ಕೆ ಕಾಲಾವಕಾಶ ಬೇಕು, ಇನ್ನೊಂದರ ಅರ್ಧ ಭಾಗದ ಬಗ್ಗೆ ನನ್ನದೊಂದು ವಿವರಣೆ ಇದೆ.

ಮೊದಲು ಬಣ್ಣದ ವಿಚಾರ. ಗೋಬಿ ಮಂಚೂರಿಯ ಒಲೆಯ ಪಕ್ಕದ ಡಬ್ಬಿಯಲ್ಲಿ ಸಿಕ್ಕ ಕೆಂಪು ಪುಡಿ ನಮ್ಮದೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ತಿಳಿದಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಿಳಿಚಿಕೊಂಡ ಗೋಬಿಯನ್ನು ಗಿರಾಕಿಗಳು ಕೇಳುವುದಿಲ್ಲವೆಂದು ಭಟ್ಟರು ಹೇಳಿದಾಗ ನಾನು ಸುಮ್ಮನಿದ್ದೆ, ತಪ್ಪು ಅಲ್ಲಿಯೇ ಆಯಿತು. ಡಬ್ಬಿಯನ್ನು ಅಧಿಕಾರಿಗಳ ಎದುರಿನಲ್ಲೇ ನಾಶಪಡಿಸಲಾಗಿದೆ. ಈಗ ಬ್ಯಾಡಗಿ ಮೆಣಸಿನ ಪುಡಿಯನ್ನಷ್ಟೇ ಬಳಸುತ್ತಿದ್ದೇವೆ. ಗೋಬಿ ಮೊದಲಿನಷ್ಟು ಕೆಂಪಾಗುವುದಿಲ್ಲ, ಕೇಳಿದವರಿಗೆ ಸಪ್ಲಾಯರ್‌ಗಳು ಕಾರಣ ಹೇಳುತ್ತಾರೆ.

ಕಾಯಿ ಚಟ್ನಿಯ ಲೋಪ ನನ್ನನ್ನು ಹೆಚ್ಚು ನಾಚಿಸಿತು. ಬೆಳಿಗ್ಗೆ ಐದೂವರೆಗೆ ರುಬ್ಬಿದ್ದು ಹನ್ನೊಂದರ ಹೊತ್ತಿಗೆ ಪಾತ್ರೆಯ ತಳದಲ್ಲಿ ಉಳಿದಿತ್ತು, ಅದರ ಮೇಲೆಯೇ ಹೊಸ ಚಟ್ನಿ ಸುರಿದಿದ್ದರು. ಅಧಿಕಾರಿಗಳು ಸೌಟಿನಿಂದ ತಳ ಕೆದಕಿದಾಗ ಬಂದ ಹುಳಿ ವಾಸನೆ ನನಗೂ ತಟ್ಟಿತು. ತೆಂಗಿನಕಾಯಿಗೆ ಇಷ್ಟೊಂದು ಬೆಲೆ ಇರುವಾಗ ಚೆಲ್ಲಲು ಕೈ ಬರುವುದಿಲ್ಲ ಎಂಬುದು ಹುಡುಗರ ಸಬೂಬು. ಆ ಉಳಿತಾಯದ ಬುದ್ಧಿಯನ್ನು ಅವರಿಗೆ ಕಲಿಸಿದವನು ನಾನೇ. ಈಗ ಎರಡು ಗಂಟೆಗೆ ಸಾಕಾಗುವಷ್ಟನ್ನೇ ಸಣ್ಣ ಸ್ಟೀಲ್ ಪಾತ್ರೆಗಳಲ್ಲಿ ರುಬ್ಬಿಡುತ್ತೇವೆ. ಪಾತ್ರೆಯ ಮೇಲೆ ರುಬ್ಬಿದ ಸಮಯದ ಚೀಟಿ ಇರುತ್ತದೆ. ಹೊತ್ತು ಮೀರಿದರೆ ಚೆಲ್ಲುತ್ತೇವೆ, ಪಾತ್ರೆ ತೊಳೆಯದೆ ಮತ್ತೆ ತುಂಬುವುದಿಲ್ಲ.

ಫ್ರಿಜ್‌ನೊಳಗೆ 11 ಡಿಗ್ರಿ ಇದ್ದುದಕ್ಕೆ ಬಾಗಿಲಿನ ರಬ್ಬರ್ ಹರಿದಿದ್ದೇ ಕಾರಣ. ರಬ್ಬರ್ ಬದಲಾಯಿಸಿದ ಮೇಲೆ 4 ಡಿಗ್ರಿಯ ಆಸುಪಾಸಿನಲ್ಲಿದೆ. ಬೆಳಿಗ್ಗೆ, ಸಂಜೆ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ಹಸಿ ತರಕಾರಿ ಕೆಳಗೆ, ಬೇಯಿಸಿದ್ದು ಮುಚ್ಚಿ ಮೇಲೆ.

ಗೋಳಿಬಜೆ, ಬನ್ಸ್ ಕರಿಯುವ ಎಣ್ಣೆ ಕಪ್ಪಾಗಿದ್ದುದು ನಿಜ. ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮವಿದ್ದರೂ ನಾವು ಕಣ್ಣಳತೆಯನ್ನೇ ನಂಬಿದ್ದೆವು. ಅಳೆಯುವ ಮೀಟರ್ ಕೊಂಡಿದ್ದೇನೆ. ಉಳಿದ ಎಣ್ಣೆಯನ್ನು ಪರವಾನಗಿ ಇರುವ ಸಂಗ್ರಾಹಕರಿಗೆ ಕೊಟ್ಟ ರಸೀದಿ ಲಗತ್ತಿಸಿದೆ.

ಹನ್ನೊಂದು ಮಂದಿ ಕೆಲಸಗಾರರಲ್ಲಿ ನಾಲ್ವರ ವೈದ್ಯಕೀಯ ಪ್ರಮಾಣಪತ್ರಗಳ ಅವಧಿ ಮುಗಿದಿತ್ತು, ಅವನ್ನು ನವೀಕರಿಸಲಾಗಿದೆ. ಲೈಸೆನ್ಸ್ ಕಾಣಿಸುತ್ತಿರಲಿಲ್ಲ ಎಂದು ಬರೆದಿದ್ದೀರಿ. ಅದು ಗಲ್ಲಾದ ಹಿಂದೆ ದೇವರ ಕ್ಯಾಲೆಂಡರಿನ ಅಡಿಯಲ್ಲಿತ್ತು. ಕ್ಯಾಲೆಂಡರನ್ನು ಬೇರೆ ಗೋಡೆಗೆ ಸರಿಸಿದ್ದೇನೆ.

ಇನ್ನು ಇಡ್ಲಿ ಹಿಟ್ಟು. ಮುಚ್ಚಳವಿಲ್ಲದೆ, ಅದೂ ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ ಇಟ್ಟಿದ್ದು ತಪ್ಪು. ಈಗ ಮುಚ್ಚಳವಿರುವ ಪಾತ್ರೆಗಳಲ್ಲಿ, ನೆಲದಿಂದ ಎತ್ತರದ ಸ್ಟ್ಯಾಂಡಿನ ಮೇಲೆ ಬೇರೆ ಕೋಣೆಯಲ್ಲಿದೆ. ಆದರೆ ರುಬ್ಬಿದ ಕೂಡಲೇ ಫ್ರಿಜ್‌ನಲ್ಲಿಡಬೇಕೆಂಬ ಸೂಚನೆಯನ್ನು ದಯವಿಟ್ಟು ಮರುಪರಿಶೀಲಿಸಬೇಕು. ಹಿಟ್ಟು ಹುದುಗು ಬಂದು ಉಬ್ಬಲು ಬೆಚ್ಚಗಿನ ಜಾಗ ಬೇಕು. ತಣ್ಣಗಿಟ್ಟರೆ ಬೆಳಿಗ್ಗೆ ಇಡ್ಲಿ ಕಲ್ಲಾಗುತ್ತದೆ. ರಾತ್ರಿ ಒಂಬತ್ತಕ್ಕೆ ರುಬ್ಬಿ, ಹುದುಗು ಬಂದ ಮೇಲೆ ಬೆಳಗಿನ ಬಳಕೆಗೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಫ್ರಿಜ್‌ಗೆ ಸೇರಿಸುವುದಕ್ಕೆ ಅನುಮತಿ ಕೋರುತ್ತೇನೆ.

ಉಳಿದಿರುವುದು ಹಿಂಬದಿಯ ಚರಂಡಿ ಮತ್ತು ಉಗ್ರಾಣದ ಗೋಡೆ. ಇಲಿ ಬರುತ್ತಿದ್ದ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇನೆ, ಅಕ್ಕಿ ಮೂಟೆಗಳನ್ನು ಮರದ ಹಲಗೆಗಳ ಮೇಲೆ ಏರಿಸಿ ಗೋಡೆಯಿಂದ ದೂರವಿಟ್ಟಿದ್ದೇನೆ. ಗೋಡೆಯ ಬೂಷ್ಟನ್ನು ಉಜ್ಜಿ ತೆಗೆಸಿದ್ದೂ ಆಯಿತು. ಆದರೆ ಈ ಆಷಾಢದ ಮಳೆಯಲ್ಲಿ ಗಾರೆ ನಿಲ್ಲುವುದಿಲ್ಲವೆಂದು ಮೇಸ್ತ್ರಿ ಕೈಚೆಲ್ಲಿದ್ದಾರೆ. ಚರಂಡಿಯ ಕಾಂಕ್ರೀಟು, ಗೋಡೆಯ ಟೈಲ್ಸ್ ಮುಗಿಸಲು ಆಗಸ್ಟ್ 31ರವರೆಗೆ ಸಮಯ ಕೊಡಬೇಕೆಂದು ವಿನಂತಿ. ಅಲ್ಲಿಯವರೆಗೆ ಆ ಉಗ್ರಾಣದಲ್ಲಿ ಬಿಚ್ಚಿದ ಚೀಲಗಳನ್ನು ಇಡುವುದಿಲ್ಲ.

ಮರುತಪಾಸಣೆಗೆ ಯಾವ ದಿನ ಬಂದರೂ ಸರಿ, ಮುಂಚಿತವಾಗಿ ತಿಳಿಸಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
(ಸಹಿ)
ಮಾಲೀಕ

ಲಗತ್ತು: ಫ್ರಿಜ್ ದುರಸ್ತಿ ಬಿಲ್ಲು, ಉಷ್ಣಾಂಶ ಪುಸ್ತಕದ ನಕಲು, ಎಣ್ಣೆಯ ರಸೀದಿ, ನಾಲ್ಕು ವೈದ್ಯಕೀಯ ಪ್ರಮಾಣಪತ್ರಗಳು, ಉಗ್ರಾಣ ಮತ್ತು ಚರಂಡಿಯ ಫೋಟೋಗಳು