ಅಘನಾಶಿನಿ ಹಸ್ತಪ್ರತಿ ಸಲ್ಲಿಕೆಗೆ ಫೆಬ್ರುವರಿ 5ರವರೆಗೆ ಕಾಲಾವಕಾಶ ಕೋರಿ ಪತ್ರ

ದಿನಾಂಕ: 6 ಜನವರಿ 2026, ಮಂಗಳವಾರ
ಸಿದ್ದಾಪುರ ತಾಲೂಕು

ಇವರಿಗೆ,
ಮಾನ್ಯ ಸಂಪಾದಕರು,
ಸುವರ್ಣ ಮಹೋತ್ಸವ ಗ್ರಂಥ ಸಮಿತಿ, ಶಿರಸಿ

ವಿಷಯ: ಗ್ರಂಥದ ‘ಅಘನಾಶಿನಿ’ ಭಾಗದ ಹಸ್ತಪ್ರತಿಯನ್ನು 15 ಜನವರಿ 2026ರ ಬದಲು 5 ಫೆಬ್ರುವರಿ 2026ರಂದು ಒಪ್ಪಿಸಲು ಅನುಮತಿ ಕೋರಿಕೆ.

ಮಾನ್ಯರೇ,

ನಮಸ್ಕಾರಗಳು. ಕಳೆದ ಆಗಸ್ಟಿನಲ್ಲಿ ತಮ್ಮ ಸಮಿತಿಯೊಂದಿಗೆ ಆದ ಒಪ್ಪಂದದ ಪ್ರಕಾರ, ಶಿರಸಿಯ ಶಂಕರಹೊಂಡದಿಂದ ತದಡಿಯ ಅಳಿವೆಯವರೆಗೆ ಅಘನಾಶಿನಿಯನ್ನೂ ಅದರ ದಂಡೆಯ ಬದುಕನ್ನೂ ಕುರಿತ ಆರು ಅಧ್ಯಾಯಗಳನ್ನು, ಸುಮಾರು 60 ಪುಟಗಳಷ್ಟು, ಇದೇ ಜನವರಿ 15ರೊಳಗೆ ನಾನು ಒಪ್ಪಿಸಬೇಕಾಗಿತ್ತು. ಆ ದಿನಕ್ಕೆ ಕೊಡಲು ನನ್ನಿಂದ ಸಾಧ್ಯವಾಗುವುದಿಲ್ಲ. ಫೆಬ್ರುವರಿ 5, ಗುರುವಾರ, ಸಂಜೆ ಐದು ಗಂಟೆಯೊಳಗೆ ಪೂರ್ಣ ಹಸ್ತಪ್ರತಿಯನ್ನು ನಾನೇ ಸಮಿತಿಯ ಕಚೇರಿಗೆ ತಂದು ಒಪ್ಪಿಸುತ್ತೇನೆ. ಅಲ್ಲಿಯವರೆಗೆ, ಅಂದರೆ ಮೂರು ವಾರಗಳ ಕಾಲಾವಕಾಶವನ್ನು ದಯಮಾಡಿ ಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಗಡುವಿಗೆ ಇನ್ನೂ ಒಂಬತ್ತು ದಿನ ಇರುವಾಗಲೇ ತಿಳಿಸಿದರೆ ತಮಗೆ ಮುದ್ರಣಾಲಯದವರೊಂದಿಗೆ ಮಾತನಾಡಿಕೊಳ್ಳಲು ಅನುಕೂಲವಾದೀತು ಎಂದು ಕಾಯದೆ ಬರೆದಿದ್ದೇನೆ.

ಕಾರಣ ಹೇಳುವ ಮುನ್ನ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಡಿಸೆಂಬರ್ 18ರಂದು ತಾವು ಫೋನು ಮಾಡಿ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದಾಗ ನಾನು ‘ಮುಗಿಯುತ್ತ ಬಂತು’ ಎಂದು ಉತ್ತರಿಸಿದ್ದೆ. ಅದು ನಿಜವಾಗಿರಲಿಲ್ಲ. ಆ ಹೊತ್ತಿಗೆ ಮೂರು ಅಧ್ಯಾಯ ಮುಗಿದಿತ್ತು, ನಾಲ್ಕನೆಯದು ಇನ್ನೂ ಕರಡಿನಲ್ಲಿತ್ತು, ಉಳಿದೆರಡಕ್ಕೆ ಟಿಪ್ಪಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಹದಿನೈದು ದಿನ ಹಗಲು ರಾತ್ರಿ ಕೂತರೆ ಬರೆದು ಮುಗಿಸಿಬಿಡಬಹುದು ಎಂಬ ಭಂಡ ಧೈರ್ಯದಲ್ಲಿ ಹಾಗೆ ಹೇಳಿದೆ. ತಾವು ಆ ಮಾತನ್ನು ನಂಬಿ ಮುದ್ರಣದ ದಿನ ಗೊತ್ತುಮಾಡಿಕೊಂಡಿದ್ದರೆ ಅದರಿಂದಾದ ತೊಂದರೆಗೆ ನಾನೇ ಹೊಣೆ; ಕ್ಷಮೆ ಇರಲಿ.

ಈಗ ಕಾರಣ. ಮೊದಲನೆಯದು ಅಡಿಕೆ ಕೊಯ್ಲು. ತೋಟದ ಮನೆಯವನೊಬ್ಬ ನವೆಂಬರಿನಿಂದ ಜನವರಿಯವರೆಗೆ ಬರೆಯುವ ಕೆಲಸ ಒಪ್ಪಿಕೊಳ್ಳುವುದೇ ಅವಿವೇಕ ಎಂದು ತಾವು ಆಗಸ್ಟಿನಲ್ಲೇ ನಗೆಯಾಡಿದ್ದಿರಿ. ಡಿಸೆಂಬರ್ ಮೊದಲ ವಾರಕ್ಕೆ ಕೊನೆ ಇಳಿಸಿ ಮುಗಿಯುತ್ತದೆ ಎಂಬ ಲೆಕ್ಕದ ಮೇಲೆ ನಾನು ಒಪ್ಪಿಕೊಂಡಿದ್ದೆ. ನಮ್ಮಲ್ಲಿಗೆ ಬರುವ ಕೊನೆಗೌಡರು ಈ ಸಲ ಬೇರೆ ತೋಟಗಳ ಕೆಲಸ ಮುಗಿಸಿ ಬರುವಾಗ ಮೂರು ವಾರ ತಡವಾಯಿತು. ಅವರನ್ನು ದೂರುವಂತಿಲ್ಲ, ಮರ ಹತ್ತುವವರು ಊರಿಗೆ ಇಬ್ಬರು, ತೋಟಗಳು ನಲವತ್ತು. ಕೊನೆ ಕೆಳಗೆ ಬಿದ್ದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ ಎಂಬುದು ತಮಗೆ ಗೊತ್ತೇ ಇದೆ: ತಡಮಾಡದೆ ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಒಣಹಾಕಬೇಕು. ಹಗಲು ಒಣಗಿಸುವುದು, ರಾತ್ರಿ ಒಂದು ಗಂಟೆಯವರೆಗೆ ಮೆಟ್ಟುಕತ್ತಿಯ ಮುಂದೆ ಕೂರುವುದು, ಆಮೇಲೆ ಮೇಜಿಗೆ ಬಂದು ಬರೆಯಲು ಯತ್ನಿಸುವುದು ಎಂದು ಹನ್ನೆರಡು ದಿನ ನಡೆಸಿ ನೋಡಿದೆ. ಆ ದಿನಗಳಲ್ಲಿ ಬರೆದ ಹನ್ನೊಂದು ಪುಟಗಳು ಈಗಲೂ ನನ್ನ ಬಳಿ ಇವೆ. ಅಂಚಿನಲ್ಲಿ ಚೊಗರು ಹತ್ತಿದ ಬೆರಳಿನ ಕಂದು ಗುರುತು, ಒಳಗೆ ಒಂದೇ ವಾಕ್ಯ ಎರಡೆರಡು ಬಾರಿ. ಒಂಬತ್ತನ್ನು ಕೈಬಿಟ್ಟಿದ್ದೇನೆ.

ಪ್ರಾಮಾಣಿಕವಾಗಿ ಹೇಳುವುದಾದರೆ ಇಲ್ಲಿಯೂ ನನ್ನ ಆಯ್ಕೆಯೊಂದಿತ್ತು. ಅಡಿಕೆಯನ್ನು ಮರದಲ್ಲೇ ಹಣ್ಣಾಗಲು ಬಿಟ್ಟು ಚಾಲಿ ಮಾಡಿದ್ದರೆ ಸುಲಿಯುವ, ಬೇಯಿಸುವ ಈ ಅವಸರ ಇರುತ್ತಿರಲಿಲ್ಲ. ಕೆಂಪಡಿಕೆಗೆ ದರ ಹೆಚ್ಚು ಎಂಬ ಆಸೆಯಿಂದ ಬೇಯಿಸುವುದನ್ನೇ ಹಿಡಿದೆ. ಮನೆಗೆ ಆ ಹಣ ಬೇಕಾಗಿತ್ತು. ಆದರೆ ತಮಗೆ ಕೊಟ್ಟ ಮಾತು ಒಂದು ಕಡೆ, ಅಡಿಕೆಯ ದರ ಇನ್ನೊಂದು ಕಡೆ ಇದ್ದಾಗ ನಾನು ಎರಡನೆಯದನ್ನು ನೋಡಿಕೊಂಡೆ ಎಂಬುದನ್ನು ಮುಚ್ಚಿಟ್ಟು, ಎಲ್ಲವನ್ನೂ ಆಳಿನ ಕೊರತೆಯ ಮೇಲೆ ಹಾಕುವುದು ಸರಿಯಲ್ಲ.

ಎರಡನೆಯ ಕಾರಣ ಬರವಣಿಗೆಗೇ ಸಂಬಂಧಿಸಿದ್ದು. ತಾವು ಸಂಪಾದಕರಾಗಿ ಇದನ್ನೇ ಹೆಚ್ಚು ಗಮನಿಸಬೇಕೆಂದು ನನ್ನ ಕೋರಿಕೆ. ಐದನೆಯ ಅಧ್ಯಾಯ ಕುಮಟಾ ತಾಲೂಕಿನ ಗಜನಿ ಭೂಮಿ ಮತ್ತು ಕಗ್ಗ ಭತ್ತವನ್ನು ಕುರಿತದ್ದು. ಅಕ್ಟೋಬರಿನಲ್ಲಿ ಕಗ್ಗದ ಕೊಯ್ಲು ನಡೆಯುತ್ತಿದ್ದಾಗ ನಾನು ಮಾಣಿಕಟ್ಟಾಕ್ಕೆ ಹೋಗಿ ಎರಡು ದಿನ ಇದ್ದು ನಾಲ್ವರು ರೈತರನ್ನು ಮಾತನಾಡಿಸಿ ಬಂದಿದ್ದೆ. ಉಪ್ಪುನೀರನ್ನೂ ನೆರೆಯಲ್ಲಿ ಮುಳುಗುವುದನ್ನೂ ತಾಳಿಕೊಂಡು ಆಳೆತ್ತರ ಬೆಳೆಯುವ ಆ ಭತ್ತದ ಬಿತ್ತನೆಯ ಸಮಯದ ಬಗ್ಗೆ ಇಬ್ಬರು ಹೇಳಿದ್ದು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ಮುಂಗಾರಿನ ಮೊದಲ ಮಳೆಯ ಬೆನ್ನಿಗೇ ಬಿತ್ತಬೇಕೆಂದಿದ್ದಾರೆ, ಇನ್ನೊಬ್ಬರು ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದು ಹೋಗುವವರೆಗೆ ಕಾಯಬೇಕೆಂದಿದ್ದಾರೆ. ಬಹುಶಃ ಇಬ್ಬರೂ ಸರಿ. ಒಬ್ಬರ ಗದ್ದೆ ಕಟ್ಟೆಯ ಬುಡದಲ್ಲಿ, ಇನ್ನೊಬ್ಬರದು ಸ್ವಲ್ಪ ಎತ್ತರದಲ್ಲಿ ಇರಬಹುದು. ಯಾರ ಗದ್ದೆ ಎಲ್ಲಿ ಎಂದು ನಾನು ಆಗ ಬರೆದುಕೊಳ್ಳಲೇ ಇಲ್ಲ. ಮೂವತ್ತು ವರ್ಷ ನೋಟ್‌ಬುಕ್ ಹಿಡಿದು ಊರೂರು ತಿರುಗಿದವನು ಮಾಡಬಾರದ ತಪ್ಪು ಇದು. ‘ಮುಂಗಾರಿನ ಆರಂಭದಲ್ಲಿ ಬಿತ್ತುತ್ತಾರೆ’ ಎಂದು ತೇಲಿಸಿ ಬರೆದರೆ ಶಿರಸಿಯ ಓದುಗರಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ಗ್ರಂಥ ಗಜನಿಯವರ ಮನೆಗಳಿಗೂ ಹೋಗುತ್ತದೆ, ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಆರನೆಯ ಅಧ್ಯಾಯದ್ದು ಬೇರೆ ತೊಡಕು. ಅಳಿವೆಯಲ್ಲಿ ಬಳಚು ಮತ್ತು ಚಿಪ್ಪಿ ಹೆಕ್ಕುವವರ ಕೆಲಸವನ್ನು ಕಣ್ಣಾರೆ ನೋಡದೆ ಬರೆಯಲಾರೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಮರಳದಿಣ್ಣೆಗಳು ಚೆನ್ನಾಗಿ ತೆರೆದುಕೊಳ್ಳುವುದು ಆಗಲೇ. ಇದೇ ಜನವರಿ 3ರ ಹುಣ್ಣಿಮೆಗೆ ಹೋಗಬೇಕೆಂದಿದ್ದೆ, ಆ ದಿನ ನಮ್ಮ ಅಂಗಳದಲ್ಲಿ ಹಂಡೆ ಒಲೆಯ ಮೇಲಿತ್ತು. ಮುಂದಿನ ಅಮಾವಾಸ್ಯೆ ಜನವರಿ 18, ಭಾನುವಾರ. ಹೊಸ ದಿನಾಂಕವನ್ನು ಅದಕ್ಕಿಂತ ಹಿಂದೆ ತರಲು ಆಗದಿರುವುದಕ್ಕೆ ಇದೇ ಕಾರಣ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕ ಮೇಲೆ ಅದರ ಹಕ್ಕಿಗಳ ಬಗ್ಗೆ, ಕಾಂಡ್ಲಾ ಗಿಡಗಳ ಬಗ್ಗೆ ಬರೆಯುವವರು ಹೆಚ್ಚಾಗಿದ್ದಾರೆ. ಸೊಂಟದುದ್ದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಚಿಪ್ಪಿ ತಡಕುವವರ ಬಗ್ಗೆ ಒಂದು ಅಧ್ಯಾಯವಾದರೂ ನಮ್ಮ ಗ್ರಂಥದಲ್ಲಿ ಇರಲಿ ಎಂದವರು ತಾವೇ. ಅದನ್ನು ಕುಳಿತಲ್ಲಿಂದ ಬರೆದು ಕೊಡಲು ನನಗೆ ಮನಸ್ಸಿಲ್ಲ.

ಮುಂದಿನ ಕೆಲಸವನ್ನು ಹೀಗೆ ಹಂಚಿಕೊಂಡಿದ್ದೇನೆ. ಸಂಕ್ರಾಂತಿಗೆ ನಮ್ಮ ಅಡಿಕೆ ಕೆಲಸ ಮುಗಿಯುತ್ತದೆ. ಒಣಗಿಸಿದ್ದನ್ನು ಆರಿಸುವುದು, ಚೀಲ ತುಂಬುವುದು ಮಾತ್ರ ಉಳಿಯುತ್ತದೆ, ಅದಕ್ಕೆ ತಮ್ಮನ ಮನೆಯವರು ಒಪ್ಪಿದ್ದಾರೆ. ಜನವರಿ 17ರ ಶನಿವಾರ ಹೊರಟು 19ರ ಸೋಮವಾರದವರೆಗೆ ಕುಮಟಾದಲ್ಲಿರುತ್ತೇನೆ. ಮೊದಲ ದಿನ ಮಾಣಿಕಟ್ಟಾದ ಆ ಇಬ್ಬರು ರೈತರನ್ನು ಮತ್ತೆ ಕಾಣುವುದು (ಇಬ್ಬರಿಗೂ ನಿನ್ನೆ ಫೋನು ಮಾಡಿ ಹೇಳಿದ್ದೇನೆ), ಉಳಿದೆರಡು ದಿನ ಅಳಿವೆ. ಜನವರಿ 29ರೊಳಗೆ ಎರಡೂ ಅಧ್ಯಾಯಗಳ ಬರವಣಿಗೆ ಮುಗಿಸಿ ಶಿರಸಿಯ ಡಿಟಿಪಿ ಅಂಗಡಿಗೆ ಕೊಡುತ್ತೇನೆ. ಫೆಬ್ರುವರಿ 2ಕ್ಕೆ ನುಡಿಯಲ್ಲಿ ಟೈಪಾಗಿ ಬರುತ್ತದೆ ಎಂದು ಅವರು ಮಾತು ಕೊಟ್ಟಿದ್ದಾರೆ. ನಂತರದ ಎರಡು ದಿನ ಕರಡು ತಿದ್ದುವುದಕ್ಕೆ. ಈ ಲೆಕ್ಕದಲ್ಲಿ ಎಳೆದು ಹಿಗ್ಗಿಸಿದ್ದು ಏನೂ ಇಲ್ಲ. ಫೆಬ್ರುವರಿ 5 ಎಂಬುದು ‘ಆದಷ್ಟು ಬೇಗ’ ಎಂಬುದಕ್ಕೆ ಇನ್ನೊಂದು ಹೆಸರಲ್ಲ. ಇನ್ನೊಮ್ಮೆ ದಿನ ಕೇಳಿ ತಮ್ಮ ಬಾಗಿಲಿಗೆ ಬರುವುದಿಲ್ಲ.

ತಮ್ಮ ಕೆಲಸ ಅಲ್ಲಿಯವರೆಗೆ ನಿಲ್ಲಬಾರದೆಂದು ಮೊದಲ ನಾಲ್ಕು ಅಧ್ಯಾಯಗಳನ್ನು ಈ ಪತ್ರದೊಂದಿಗೇ ಕಳಿಸುತ್ತಿದ್ದೇನೆ. ಶಂಕರಹೊಂಡ ಮತ್ತು ನದಿಯ ಮೇಲ್ಭಾಗ, ಉಂಚಳ್ಳಿ ಜಲಪಾತ, ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳು, ಮಿರ್ಜಾನ್ ಕೋಟೆ ಮತ್ತು ಹಳೆಯ ಮೆಣಸಿನ ವ್ಯಾಪಾರ ಇವು ಒಟ್ಟು 41 ಪುಟ. ಇವುಗಳಲ್ಲಿ ನನ್ನ ಕಡೆಯಿಂದ ಇನ್ನು ಬದಲಾವಣೆ ಇಲ್ಲ. ತಾವು ಇಂದೇ ತಿದ್ದಲು ತೊಡಗಬಹುದು, ಪುಟವಿನ್ಯಾಸಕ್ಕೂ ಕೊಡಬಹುದು. ಛಾಯಾಚಿತ್ರಗಳು ನವೆಂಬರಿನಲ್ಲೇ ತಮ್ಮನ್ನು ತಲುಪಿವೆ. ಫೆಬ್ರುವರಿ 20ರೊಳಗೆ ಎಲ್ಲ ಪುಟಗಳೂ ಸಿಗದಿದ್ದರೆ ಜಾತ್ರೆಯ ಕೆಲಸಗಳ ನಡುವೆ ಗ್ರಂಥ ಹಿಂದೆ ಬೀಳುತ್ತದೆ, ಮಾರ್ಚ್ 19ರ ಯುಗಾದಿಗೆ ಬಿಡುಗಡೆ ಆಗಲಾರದು ಎಂದು ಮುದ್ರಣಾಲಯದವರು ಹೇಳಿದ್ದನ್ನು ತಾವು ತಿಳಿಸಿದ್ದಿರಿ. ನಾನು ಕೇಳುತ್ತಿರುವ ದಿನಕ್ಕೂ ಆ ದಿನಕ್ಕೂ ನಡುವೆ ಹದಿನೈದು ದಿನ ಉಳಿಯುತ್ತದೆ. ತಮ್ಮ ಕೈಯಲ್ಲಿ ಆಗ ಉಳಿದಿರುವುದು ಇಪ್ಪತ್ತು ಪುಟಗಳ ತಿದ್ದುಪಡಿ ಮಾತ್ರ.

ಇಷ್ಟಾದರೂ ಸಮಿತಿಯ ಹಿತ ಕಾಯುವ ಏರ್ಪಾಡೊಂದು ಬರವಣಿಗೆಯಲ್ಲಿ ಇರಲಿ. ಫೆಬ್ರುವರಿ 5ರ ಸಂಜೆಗೆ ಆರನೆಯ ಅಧ್ಯಾಯ ತಮ್ಮ ಕೈ ಸೇರದಿದ್ದರೆ ಅದನ್ನು ಬಿಟ್ಟು ಗ್ರಂಥವನ್ನು ಮುದ್ರಣಕ್ಕೆ ಕೊಡಲು ನನ್ನ ಸಂಪೂರ್ಣ ಒಪ್ಪಿಗೆ ಇದೆ. ಐದನೆಯ ಅಧ್ಯಾಯವೂ ಬಾರದಿದ್ದರೆ ನನಗೆ ಬರಬೇಕಾದ ಬಾಕಿ ಸಂಭಾವನೆ 20,000 ರೂಪಾಯಿಯನ್ನು ಕೊಡಬೇಕಾಗಿಲ್ಲ. ಮುಂಗಡವಾಗಿ ಪಡೆದ 10,000 ರೂಪಾಯಿಯನ್ನು ಒಪ್ಪಿಸಿದ ನಾಲ್ಕು ಅಧ್ಯಾಯಗಳಿಗೆ ಸಂದದ್ದೆಂದು ತಿಳಿಯುತ್ತೇನೆ. ಅಕಸ್ಮಾತ್ ಮೂರು ವಾರ ಕೊಡುವುದು ತಮಗೆ ಸಾಧ್ಯವೇ ಇಲ್ಲವೆಂದಾದರೆ ದಯವಿಟ್ಟು ಸಂಕೋಚವಿಲ್ಲದೆ ಹಾಗೆಂದೇ ತಿಳಿಸಿರಿ. ಆಗ ಐದನೆಯ ಅಧ್ಯಾಯವನ್ನು, ಬಿತ್ತನೆಯ ವಿವರವಿರುವ ಒಂದೂವರೆ ಪುಟ ತೆಗೆದುಹಾಕಿ, ಜನವರಿ 24ಕ್ಕೆ ಕೊಡುತ್ತೇನೆ. ಚಿಪ್ಪಿಯವರ ಅಧ್ಯಾಯ ಇರುವುದಿಲ್ಲ. ನನಗೆ ಇಷ್ಟವಿಲ್ಲದ ದಾರಿ, ಆದರೆ ನಿರ್ಧಾರ ತಮ್ಮದು.

ತಮ್ಮ ಉತ್ತರ ಜನವರಿ 10, ಶನಿವಾರದೊಳಗೆ ಸಿಕ್ಕರೆ ಕುಮಟಾದಲ್ಲಿ ಉಳಿದುಕೊಳ್ಳುವ ವ್ಯವಸ್ಥೆಯನ್ನೂ ದೋಣಿಯವರನ್ನೂ ಗೊತ್ತುಮಾಡಿಕೊಳ್ಳುತ್ತೇನೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ. ಸಂಜೆ ಏಳರಿಂದ ಎಂಟರವರೆಗೆ ಸುಲಿಯುವ ಚಪ್ಪರದ ಹೊರಗೆ, ಸಿಗ್ನಲ್ ಇರುವ ಧರೆಯ ಮೇಲೆ ನಿಂತಿರುತ್ತೇನೆ, ಆಗ ಫೋನು ಮಾಡಬಹುದು. ಇಲ್ಲವಾದರೆ ಈ ಪತ್ರ ಮತ್ತು ಹಸ್ತಪ್ರತಿ ತಂದ ನನ್ನ ಮಗನ ಕೈಯಲ್ಲಿ ಎರಡು ಸಾಲು ಬರೆದು ಕೊಟ್ಟರೂ ಸಾಕು.

ಇಂತಿ ತಮ್ಮ ವಿಶ್ವಾಸಿ,
‘ಅಘನಾಶಿನಿ’ ಭಾಗದ ಲೇಖಕ

ಲಗತ್ತು: ಅಧ್ಯಾಯ 1ರಿಂದ 4, ಒಟ್ಟು 41 ಪುಟಗಳು