ವಾರ್ಷಿಕ ಕ್ರೀಡಾಕೂಟ: ಪೋಷಕರಿಗೆ ಸೂಚನೆ

ಮಾನ್ಯ ಪೋಷಕರೇ,

8ರಿಂದ 10ನೇ ತರಗತಿ ಮಕ್ಕಳ ಕ್ರೀಡಾಕೂಟ ಡಿಸೆಂಬರ್ 12, ಶನಿವಾರ ನಮ್ಮ ಶಾಲಾ ಮೈದಾನದಲ್ಲಿ ನಡೆಯಲಿದೆ. ಮಕ್ಕಳು ಬೆಳಿಗ್ಗೆ 7.15ಕ್ಕೆ ಬಂದಿರಬೇಕು. ಮೊದಲ ಓಟ 8ಕ್ಕೆ. ಓಟಗಳನ್ನೆಲ್ಲ 11ರೊಳಗೆ ಮುಗಿಸುತ್ತೇವೆ. ಬಿಸಿಲೇರಿದ ಮೇಲೆ ಯಾರನ್ನೂ ಓಡಿಸುವುದಿಲ್ಲ. ಕಬಡ್ಡಿ, ಖೋಖೋ ಮಧ್ಯಾಹ್ನ 3.30ರ ನಂತರ. 5.30ಕ್ಕೆ ಮುಕ್ತಾಯ.

ದಯವಿಟ್ಟು ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಮೈದಾನದಲ್ಲಿ ತಲೆಸುತ್ತಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರು ತಿಂಡಿ ಬಿಟ್ಟು ಬಂದವರೇ. 6 ಗಂಟೆಗೆಲ್ಲ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು. ಪೂರಿ, ಬೋಂಡದಂಥ ಎಣ್ಣೆ ತಿಂಡಿ ಬೇಡ. ಒಂದು ಲೀಟರ್ ನೀರಿನ ಬಾಟಲಿ ಜೊತೆಗಿರಲಿ.

ಒಬ್ಬರಿಗೆ ಎರಡು ವೈಯಕ್ತಿಕ, ಒಂದು ಗುಂಪು ಸ್ಪರ್ಧೆ ಮಾತ್ರ. ಸನ್ನೆಗೆ ಮೊದಲೇ ಓಡಿದರೆ ಒಮ್ಮೆ ಎಚ್ಚರಿಕೆ, ಎರಡನೇ ಸಲಕ್ಕೆ ಸ್ಪರ್ಧೆಯಿಂದ ಹೊರಗೆ. 100 ಮೀಟರ್ ಓಟದಲ್ಲಿ ತಮ್ಮ ಲೇನ್ ಬಿಡುವಂತಿಲ್ಲ. ರಿಲೇಯಲ್ಲಿ ಬ್ಯಾಟನ್ ಬಿದ್ದರೆ ಬೀಳಿಸಿದವರೇ ಎತ್ತಿಕೊಳ್ಳಬೇಕು. ಉದ್ದಜಿಗಿತಕ್ಕೆ ಮೂರು ಅವಕಾಶ. ಮರಳಿನಲ್ಲಿ ಹಲಗೆಗೆ ಹತ್ತಿರವಾಗಿ ಮೂಡಿದ ಗುರುತಿನಿಂದ ಅಳೆಯುತ್ತೇವೆ. ಹಾಗಾಗಿ ಹಿಂದಕ್ಕೆ ಕೈಯೂರಿದ ಮಗು ಒಳ್ಳೆಯ ಜಿಗಿತವನ್ನೇ ಕಳೆದುಕೊಳ್ಳುತ್ತದೆ. ಇದನ್ನು ಮನೆಯಲ್ಲೂ ನೆನಪಿಸಿ. ಗುಂಡು ಎಸೆತದಲ್ಲಿ ಹುಡುಗರಿಗೆ 5 ಕೆಜಿ, ಹುಡುಗಿಯರಿಗೆ 3 ಕೆಜಿ ಗುಂಡು. ಎಸೆದ ನಂತರ ವೃತ್ತದ ಹಿಂಭಾಗದಿಂದಲೇ ಹೊರಬರಬೇಕು.

ನನಗೆ ಹೆಚ್ಚು ಆತಂಕವಿರುವುದು ಗುಂಡು ಎಸೆತದ ಜಾಗದ ಬಗ್ಗೆ. ಮೈದಾನದ ಪೂರ್ವ ಮೂಲೆಗೆ ಹಗ್ಗ ಕಟ್ಟಿರುತ್ತೇವೆ. ಚಿಕ್ಕ ಮಕ್ಕಳನ್ನು ಕರೆತಂದವರು ಅವರ ಕೈಬಿಡದೆ ಪಶ್ಚಿಮದ ಶಾಮಿಯಾನದಲ್ಲೇ ಕುಳಿತುಕೊಳ್ಳಿ.

ಬಳೆ, ಸರ, ಓಲೆ, ವಾಚು ಬೇಡ. ಕಬಡ್ಡಿ ಆಡುವವರು ಉಗುರು ಕತ್ತರಿಸಿಕೊಂಡು ಬರಲಿ, ಮೈಗೆ ಎಣ್ಣೆ ಹಚ್ಚಬಾರದು. ಹೊಸ ಶೂ ಅಂದೇ ಮೊದಲ ಬಾರಿಗೆ ಹಾಕಿಸಬೇಡಿ, ಹಿಮ್ಮಡಿ ಬೊಬ್ಬೆ ಬರುತ್ತದೆ. ಪೋಷಕರ ಹಗ್ಗಜಗ್ಗಾಟವೂ ಇದೆ. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬೇಡಿ: ಎದುರಿನವರು ಒಮ್ಮೆಲೇ ಎಳೆದರೆ ಬೆರಳು ಮುರಿಯುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯೊಬ್ಬರು ದಿನವಿಡೀ ಇರುತ್ತಾರೆ. ಐಸ್, ಬ್ಯಾಂಡೇಜ್, ಓಆರ್‌ಎಸ್, ಒಂದು ವಾಹನ ಸಿದ್ಧವಿರುತ್ತವೆ; ಅಗತ್ಯಬಿದ್ದರೆ 108ಕ್ಕೆ ನಾವೇ ಕರೆ ಮಾಡುತ್ತೇವೆ. ಮಗು ಬಿದ್ದರೆ ಎತ್ತಲು ಟ್ರ್ಯಾಕಿಗೆ ನುಗ್ಗಬೇಡಿ. ಮೂಳೆ ಮುರಿದಿದ್ದರೆ ಎತ್ತುವಾಗಲೇ ಪೆಟ್ಟು ಹೆಚ್ಚುತ್ತದೆ, ಹಿಂದಿನ ಓಟಗಾರರೂ ಡಿಕ್ಕಿ ಹೊಡೆಯುತ್ತಾರೆ. ಹೆಣ್ಣುಮಕ್ಕಳಿಗೆ ಬೇಕಾಗುವ ಪ್ಯಾಡ್ ವಿಜ್ಞಾನ ಶಿಕ್ಷಕಿಯವರ ಬಳಿ ಸಿಗುತ್ತದೆ.

ಉಬ್ಬಸ, ಮೂರ್ಛೆ, ಹೃದಯದ ತೊಂದರೆ, ಇತ್ತೀಚಿನ ಜ್ವರ ಅಥವಾ ಶಸ್ತ್ರಚಿಕಿತ್ಸೆ ಇದ್ದರೆ ಮುಚ್ಚಿಡದೆ ಒಪ್ಪಿಗೆ ಪತ್ರದಲ್ಲಿ ಬರೆಯಿರಿ. ಅಂಥ ಮಗುವಿಗೆ ಅಂಕ ದಾಖಲಿಸುವ, ಸಮಯ ನೋಡುವ ಕೆಲಸ ಕೊಡುತ್ತೇವೆ, ಯಾರನ್ನೂ ಮೂಲೆಗೆ ಕೂರಿಸುವುದಿಲ್ಲ. ಇನ್‌ಹೇಲರ್ ಬಳಸುವವರು ತಪ್ಪದೆ ತರಲಿ. ಸಹಿ ಮಾಡಿದ ಪತ್ರ ಡಿಸೆಂಬರ್ 7, ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಬೇಕು. ಪತ್ರವಿಲ್ಲದ ಮಗುವನ್ನು ಸ್ಪರ್ಧೆಗೆ ಇಳಿಸುವುದಿಲ್ಲ.

ಇಂತಿ,
ದೈಹಿಕ ಶಿಕ್ಷಣ ಶಿಕ್ಷಕರು