ಒಂದೇ ನಂಬರಿನ ಬಿಲ್ಲು

ಗೌರಿ ಹಬ್ಬದ ಹಿಂದಿನ ದಿನ. ಶೆಟ್ಟರ ಕಿರಾಣಿ ಅಂಗಡಿ ತುಂಬಾ ಜನ. ಬೆಲ್ಲ, ಕಡಲೆಬೇಳೆ, ಕೊಬ್ಬರಿ ಅಂತ ಒಂದೇ ಸಮನೆ ಕೂಗು.

"ಶೆಟ್ಟರೇ, ನನಗೂ 2143, ಇವರಿಗೂ 2143. ಒಂದೇ ನಂಬರಾ?" ಎಂದರು ಟೀಚರಮ್ಮ.

ಶೆಟ್ಟರು ಕನ್ನಡಕ ಏರಿಸಿ ನೋಡಿದರು. ಬಿಲ್ಲು ಪ್ರಿಂಟ್ ಆಗುತ್ತಿತ್ತು, ಸೇವ್ ಆಗುತ್ತಿರಲಿಲ್ಲ. ಪರದೆಯ ಮೇಲೆ `There is not enough space on the disk.` ಅಂತ ಬಂದಾಗಲೆಲ್ಲ ಹುಡುಗ ಸುಮ್ನೆ ಓಕೆ ಒತ್ತುತ್ತಿದ್ದ!

ಬೈಯಲು ಪುರುಸೊತ್ತೆಲ್ಲಿ? ಹಳೇ ಬಿಲ್ ಪುಸ್ತಕದ ಧೂಳು ಕೊಡವಿ, ಕಾರ್ಬನ್ ಹಾಳೆ ಇಟ್ಟು ಬರೆಯತೊಡಗಿದರು.

ಸಂಜೆ ತಂಗಿಯ ಮಗ ಬಂದು ನೋಡಿದ. ಸಿ ಡ್ರೈವ್ ಕೆಂಪಾಗಿತ್ತು. "ಮಾವ, ದಿನಾ ರಾತ್ರಿ ಮುನ್ನೂರು ಎಂಬಿ ಬ್ಯಾಕಪ್ಪು ಇದೇ ಡಿಸ್ಕಿಗೆ ಬೀಳ್ತಿದೆ. ಒಂಬತ್ತು ತಿಂಗಳಿಂದ ಒಂದನ್ನೂ ತೆಗೆದಿಲ್ಲ."

ಈಚಿನ ಬ್ಯಾಕಪ್ಪನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹಳೆಯದೆಲ್ಲ ಅಳಿಸಿದ. ಆದರೂ ಜಾಗ ಸೊನ್ನೆ!

"ಅಯ್ಯೋ, ರೀಸೈಕಲ್ ಬಿನ್ನು." ಅದನ್ನೂ ಖಾಲಿ ಮಾಡಿದ. ಎಂಬತ್ತು ಜಿಬಿ ಬಿಡುವಾಯಿತು.

ಶೆಟ್ಟರು ಬಿಲ್ ಪುಸ್ತಕ ಹುಡುಗನ ಮುಂದೆ ತಳ್ಳಿದರು. "ಮೊದಲನೇದರಿಂದ ಹೊಡಿ. 2143."